ಫೋಟೊದಿಂದ ವ್ಯಕ್ತಿಯನ್ನು ಅಳಿಸುವಾಗ, ಜಾಗ ಬದಲಿಸುವಾಗ: ಫೋನ್ ಗ್ಯಾಲರಿಯ ಎರೇಸರ್ ಎಲ್ಲಿ ಕೈಕೊಡುತ್ತದೆ, ಆಗ ಏನು ಮಾಡಬೇಕು

ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಿಗೆಲ್ಲ ಒಂದು ತೊಂದರೆ ಗೊತ್ತಿರುತ್ತದೆ: ಚೌಕಟ್ಟಿನೊಳಗೆ ನಮ್ಮವರ ಜೊತೆಗೆ ಗುರುತಿಲ್ಲದ ನಾಲ್ಕು ಜನರೂ ಸೇರಿಕೊಂಡಿರುತ್ತಾರೆ. ನಮ್ಮ ಅತ್ತೆಯವರು ಇಳಕಲ್ ಸೀರೆಯುಟ್ಟು ರಥದ ಬಲಕ್ಕೆ ನಿಂತಿದ್ದ ಅಂಥದೊಂದು ಫೋಟೊವನ್ನು ಸರಿಪಡಿಸಿಕೊಡುವಂತೆ ಮನೆಯವರು ನನ್ನನ್ನು ಕೇಳಿದ್ದರು. ಎರೇಸರ್ ಮತ್ತು ಸರಿಸುವ ಸೌಲಭ್ಯಗಳ ಬಗ್ಗೆ ಜನ ನನ್ನನ್ನು ಪದೇಪದೇ ಕೇಳುವ ಪ್ರಶ್ನೆಗಳು ಬಹುಪಾಲು ಆ ಒಂದೇ ಫೋಟೊದಲ್ಲಿ ಎದುರಾದವು. ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಅಳಿಸಿದ ಮೇಲೆ ಅಲ್ಲಿ ಕಾಣುವುದು ನಿಜವಾದ ಹಿನ್ನೆಲೆಯೇ?

ಅಲ್ಲ. ಮೊದಲು ಇದನ್ನು ತಿಳಿದುಕೊಂಡರೆ ಉಳಿದ ಎಲ್ಲ ವೈಫಲ್ಯಗಳಿಗೂ ಕಾರಣ ತಾನಾಗಿ ಹೊಳೆಯುತ್ತದೆ. ಕ್ಯಾಮೆರಾ ಒಬ್ಬ ವ್ಯಕ್ತಿಯನ್ನು ಸೆರೆಹಿಡಿದಾಗ ಆ ವ್ಯಕ್ತಿಯ ಹಿಂದೆ ಏನಿತ್ತು ಎಂಬುದು ಫೈಲಿನಲ್ಲಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಅಳಿಸಿದಾಗ ಉಳಿಯುವುದು ಒಂದು ತೂತು, ಮತ್ತು ತಂತ್ರಾಂಶವು ಸುತ್ತಲಿನ ಬಣ್ಣ, ಗೆರೆ, ಮೇಲ್ಮೈಯನ್ನು ನೋಡಿಕೊಂಡು, ತಾನು ಮೊದಲೇ ಕಲಿತಿರುವ ಲಕ್ಷಾಂತರ ಚಿತ್ರಗಳ ಅಂದಾಜನ್ನೂ ಬೆರೆಸಿ, ಆ ತೂತಿಗೆ ತೇಪೆ ಹಾಕುತ್ತದೆ. ಸುತ್ತಲೂ ಆಕಾಶವೋ ಮರಳೋ ಬಯಲೋ ಇದ್ದರೆ ತೇಪೆ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಯಾವ ತುಂಡು ಬಂದರೂ ಹೊಂದುತ್ತದೆ. ಅಳಿಸಿದ ವ್ಯಕ್ತಿಯ ಹಿಂದೆ ಇದ್ದದ್ದು ಮತ್ತೆಲ್ಲಿಯೂ ಸಿಗದ ಒಂದು ಕೆತ್ತನೆಯಾಗಿದ್ದರೆ ಆ ಉತ್ತರ ಚಿತ್ರದೊಳಗೆ ಇಲ್ಲವೇ ಇಲ್ಲ, ಮತ್ತು ಇಲ್ಲದ ಉತ್ತರವನ್ನು ತಂತ್ರಾಂಶ ಕಲ್ಪಿಸಿಕೊಳ್ಳಲೇಬೇಕಾಗುತ್ತದೆ.

ಹಾಗಾಗಿ ಬೆರಳಾಡಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಸ್ತುವಿನ ಹಿಂದೆ ಇರುವುದು ಚಿತ್ರದಲ್ಲಿ ಬೇರೆ ಕಡೆಯೂ ಕಾಣುತ್ತಿದೆಯೇ? ಕಾಣುತ್ತಿದ್ದರೆ ಅಳಿಸಿ. ಕಾಣದಿದ್ದರೆ ಕ್ರಾಪ್ ಮಾಡುವುದೋ, ಬೇರೆ ಫೋಟೊ ಹುಡುಕುವುದೋ, ಮುಂದೆ ಹೇಳುವ ಸರಿಸುವ ಉಪಾಯವೋ ಒಳ್ಳೆಯದು.

ನನ್ನ ಫೋನಿನಲ್ಲಿ ಈ ಸೌಲಭ್ಯ ಏಕೆ ಕಾಣುತ್ತಿಲ್ಲ?

ಹೆಸರುಗಳು ಬೇರೆಬೇರೆ ಇರುವುದರಿಂದ ಈ ಗೊಂದಲ ಹೆಚ್ಚು. ಗೂಗಲ್ ಫೋಟೋಸ್‌ನಲ್ಲಿ ಅಳಿಸುವುದಕ್ಕೆ Magic Eraser ಎನ್ನುತ್ತಾರೆ. ಅದು 2021ರಲ್ಲಿ ಪಿಕ್ಸೆಲ್ 6 ಫೋನಿನ ಜೊತೆ ಬಂದಿತು, 2024ರ ಮೇ ತಿಂಗಳಿನಿಂದ ಗೂಗಲ್ ಫೋಟೋಸ್ ಬಳಸುವ ಇತರರಿಗೂ ಚಂದಾ ಇಲ್ಲದೆ ಸಿಗತೊಡಗಿತು. ಸರಿಸುವುದಕ್ಕೆ ಇರುವುದು Magic Editor. ಅದು 2023ರಲ್ಲಿ ಪಿಕ್ಸೆಲ್ 8ರ ಜೊತೆ ಬಂದಿತು, ಮತ್ತು ಎಲ್ಲರಿಗೂ ತೆರೆದಾಗ ಚಂದಾ ಇಲ್ಲದವರಿಗೆ ತಿಂಗಳಿಗೆ 10 ಬಾರಿ ಉಳಿಸಿಕೊಳ್ಳುವ ಮಿತಿ ಇಡಲಾಯಿತು. ಕೆಲವರು «ಹತ್ತಾರು ಸಲ ಪ್ರಯತ್ನಿಸಿದ ಮೇಲೆ ಉಳಿಸಲು ಬಿಡುತ್ತಿಲ್ಲ» ಎನ್ನುವುದು ಬಹುಶಃ ಈ ಮಿತಿಯಿಂದಲೇ.

ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಎರಡು ಬೇರೆ ಉಪಕರಣಗಳಿವೆ, ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. Object eraser ಎಂಬುದು ಹಳೆಯದು, ಅಳಿಸುವುದಷ್ಟೇ ಅದರ ಕೆಲಸ. 2024ರಲ್ಲಿ ಗ್ಯಾಲಕ್ಸಿ ಎಸ್24 ಸರಣಿಯೊಂದಿಗೆ ಬಂದ Generative edit ವಸ್ತುವನ್ನು ಎತ್ತಿ ಬೇರೆ ಕಡೆ ಇಡಬಲ್ಲದು, ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು. ಆದರೆ ಅದಕ್ಕೆ ಇಂಟರ್ನೆಟ್ ಮತ್ತು ಸ್ಯಾಮ್‌ಸಂಗ್ ಖಾತೆ ಎರಡೂ ಬೇಕು. ಐಫೋನಿನಲ್ಲಿ ಐಒಎಸ್ 18.1ರೊಂದಿಗೆ ಬಂದ Clean Up ಐಫೋನ್ 15 ಪ್ರೊ ಮತ್ತು ಅದರ ನಂತರದ ಮಾದರಿಗಳಿಗೆ ಮಾತ್ರ ಸಿಗುತ್ತದೆ. ಅದು ಅಳಿಸುತ್ತದೆ, ಸರಿಸುವುದಿಲ್ಲ. ಹಳೆಯ ಐಫೋನ್ ಇರುವವರು ಗೂಗಲ್ ಫೋಟೋಸ್ ಹಾಕಿಕೊಂಡರೆ ಅಳಿಸುವ ಕೆಲಸ ಅಲ್ಲಿ ಆಗುತ್ತದೆ. ಬಟನ್‌ಗಳ ಜಾಗ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತದೆ, ಆದ್ದರಿಂದ ಕೆಳಗೆ ಹೇಳಿದ ಕಡೆ ಸಿಗದಿದ್ದರೆ ಹೆಸರಿನಿಂದ ಹುಡುಕಿಕೊಳ್ಳಿ.

ಅಳಿಸುವ ಕ್ರಮ

ಮೊದಲ ಹೆಜ್ಜೆ ಫೋನಿನೊಳಗಿನದಲ್ಲ. ಮೂಲ ಫೋಟೊ ನಿಮ್ಮ ಬಳಿ ಇದೆಯೇ ಎಂದು ನೋಡಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದ ಚಿತ್ರ ಕುಗ್ಗಿ ಬಂದಿರುತ್ತದೆ, ಅದರ ಅಂಚುಗಳ ಸುತ್ತ ಸಣ್ಣ ಚೌಕದ ಕಲೆಗಳು ಎದ್ದಿರುತ್ತವೆ, ಮತ್ತು ಎರೇಸರ್ ಆ ಕಲೆಗಳನ್ನೂ ನಿಜವಾದ ಮೇಲ್ಮೈ ಎಂದೇ ಓದಿಕೊಂಡು ತೇಪೆಗೆ ಬಳಸುತ್ತದೆ. ನಮ್ಮ ಅತ್ತೆಯವರ ಫೋಟೊ ನನಗೆ ಮೊದಲು ಹಾಗೆಯೇ ಬಂದಿತ್ತು. ತೆಗೆದವರಿಗೆ ಹೇಳಿ ಅದನ್ನು ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿಕೊಂಡ ಮೇಲೆಯೇ ಕೆಲಸ ಶುರು ಮಾಡಿದೆ.

ಗೂಗಲ್ ಫೋಟೋಸ್‌ನಲ್ಲಿ ಫೋಟೊ ತೆರೆದು Edit ಒತ್ತಿ, Tools ಒಳಗೆ Magic Eraser ಆರಿಸಿ. ತಂತ್ರಾಂಶ ತಾನೇ ಕೆಲವರನ್ನು ಗುರುತಿಸಿ ತೋರಿಸಬಹುದು. ಅದನ್ನು ಒಪ್ಪಿಕೊಂಡು ಎಲ್ಲರನ್ನೂ ಒಮ್ಮೆಗೇ ಅಳಿಸಬೇಡಿ, ಒಬ್ಬೊಬ್ಬರನ್ನಾಗಿ ಅಳಿಸಿ. ಹಾಗೆ ಮಾಡಿದರೆ ಯಾವ ತೇಪೆ ಕೆಟ್ಟಿತೆಂದು ತಿಳಿಯುತ್ತದೆ, ಅದನ್ನಷ್ಟೇ ಹಿಂದಕ್ಕೆ ತೆಗೆದುಕೊಳ್ಳಬಹುದು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿಕೊಂಡು, ಅಳಿಸಬೇಕಾದ ವ್ಯಕ್ತಿಯ ಅಂಚಿಗಿಂತ ತುಸು ಹೊರಗೆ ಬರುವಂತೆ ಬಳಿಯಿರಿ. ಅಂಚಿಗೆ ಸರಿಯಾಗಿ, ಬಹಳ ನಾಜೂಕಾಗಿ ಬಳಿದರೆ ಬಟ್ಟೆಯ ಬಣ್ಣದ ಒಂದು ತೆಳುಗೆರೆ ಹೊರಗುಳಿಯುತ್ತದೆ, ತಂತ್ರಾಂಶ ಆ ಬಣ್ಣವನ್ನೇ ಹಿನ್ನೆಲೆ ಎಂದು ಭಾವಿಸಿ ಒಳಗೆಲ್ಲ ಹರಡುತ್ತದೆ. ಅಳಿಸಿದ ಜಾಗದಲ್ಲಿ ಕೆಂಪು ಅಥವಾ ಹಳದಿ ಮಸುಕು ಉಳಿಯುವುದು ಬಹುತೇಕ ಈ ಕಾರಣದಿಂದಲೇ.

ನೆರಳನ್ನೂ ಸೇರಿಸಿ ಬಳಿಯಿರಿ. ಇದನ್ನು ಮರೆಯುವವರೇ ಹೆಚ್ಚು. ವ್ಯಕ್ತಿ ಹೋಗಿ ನೆರಳು ಉಳಿದರೆ ನೋಡುವವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಅಷ್ಟೇ ಅಲ್ಲ, ಪಾದದ ಬಳಿ ನೆರಳಿನ ತುಂಡು ಕಂಡರೆ ತಂತ್ರಾಂಶ ಅಲ್ಲಿ ಏನೋ ಇರಬೇಕೆಂದು ತೀರ್ಮಾನಿಸಿ ಕಂಬದಂಥ ಒಂದು ಆಕಾರವನ್ನು ತಂದು ನಿಲ್ಲಿಸುವುದೂ ಉಂಟು. ಸ್ಯಾಮ್‌ಸಂಗ್‌ನ Object eraser ಒಳಗೆ ನೆರಳಿಗೆ ಮತ್ತು ಗಾಜಿನ ಪ್ರತಿಬಿಂಬಕ್ಕೆ ಪ್ರತ್ಯೇಕ ಬಟನ್‌ಗಳಿವೆ.

ಇಬ್ಬರು ಅಕ್ಕಪಕ್ಕ ನಿಂತಿದ್ದು ಇಬ್ಬರೂ ಬೇಡವಾಗಿದ್ದರೆ ಮಾತ್ರ ಒಟ್ಟಿಗೆ ಬಳಿಯಬೇಕು. ಒಬ್ಬರನ್ನು ಅಳಿಸಿದರೆ ಆ ತೂತಿಗೆ ಅತಿ ಹತ್ತಿರದ ನೆರೆ ಎಂದರೆ ಪಕ್ಕದವರ ಅಂಗಿಯೇ, ಹಾಗಾಗಿ ಅವರ ತೋಳು ಎರಡು ಪಟ್ಟು ಅಗಲವಾಗುತ್ತದೆ ಅಥವಾ ಗಾಳಿಯಲ್ಲಿ ಒಂದು ತೋಳಿನ ತುಂಡು ತೇಲುತ್ತದೆ.

ಗೂಗಲ್ ಫೋಟೋಸ್‌ನ Magic Eraser ಒಳಗೇ Camouflage ಎಂಬ ಇನ್ನೊಂದು ಆಯ್ಕೆಯಿದೆ, ಅದನ್ನು ಯಾರೂ ಮುಟ್ಟುವುದೇ ಇಲ್ಲ. ಅದು ವಸ್ತುವನ್ನು ತೆಗೆಯುವುದಿಲ್ಲ, ಕಣ್ಣು ಕುಕ್ಕುವ ಬಣ್ಣವನ್ನು ಸುತ್ತಲಿನದಕ್ಕೆ ಹೊಂದಿಸುತ್ತದೆ. ಕಲ್ಲಿನ ಬಣ್ಣದ ಅಂಗಳದಲ್ಲಿ ಒಬ್ಬರ ಕಿತ್ತಳೆ ಟೋಪಿ ಮಾತ್ರ ಎದ್ದು ಕಾಣುತ್ತಿದ್ದರೆ ಅವರನ್ನೇ ಅಳಿಸಿ ಗೋಡೆ ಕೆಡಿಸಿಕೊಳ್ಳುವುದಕ್ಕಿಂತ ಟೋಪಿಯ ಬಣ್ಣ ಇಳಿಸುವುದು ಎಷ್ಟೋ ಲೇಸು.

ರಥದ ಚಕ್ರ ಏಕೆ ಕರಗಿಹೋಯಿತು?

ಅತ್ತೆಯವರ ಫೋಟೊದಲ್ಲಿ ಬೇಡವಾಗಿದ್ದವರು ಮೂವರು. ಬಲ ತುದಿಯಲ್ಲಿ, ದೂರದ ಪ್ರಾಕಾರದ ಗೋಡೆಯ ಮುಂದೆ, ಇಬ್ಬರು ಚಿಕ್ಕದಾಗಿ ಕಾಣುತ್ತಿದ್ದರು. ಇಬ್ಬರನ್ನೂ ನೆರಳಿನ ಸಮೇತ ಒಟ್ಟಿಗೆ ಬಳಿದೆ, ಒಂದೇ ಸಲಕ್ಕೆ ಸ್ವಚ್ಛವಾಗಿ ಹೋದರು, ಏಕೆಂದರೆ ಅವರ ಎರಡೂ ಬದಿಗೆ ಅದೇ ಗೋಡೆ, ಅದೇ ನೆಲ ಮುಂದುವರಿದಿತ್ತು.

ಮೂರನೆಯವರು ಹಳದಿ ಅಂಗಿಯವರು, ರಥದ ಚಕ್ರಕ್ಕೆ ಅಡ್ಡವಾಗಿ ನಿಂತಿದ್ದರು. ಅವರನ್ನು ಅಳಿಸಿದಾಗ ಫೋನಿನ ಪರದೆಯ ಮೇಲೆ ದೂರದಿಂದ ಎಲ್ಲವೂ ಸರಿಯಾಗಿಯೇ ಕಂಡಿತು. ಹಿಗ್ಗಿಸಿ ನೋಡಿದರೆ ಚಕ್ರದ ಹೊರಸುತ್ತು ಅರ್ಧಕ್ಕೆ ಬಂದು ನೆಲದೊಳಗೆ ಇಳಿದುಹೋಗಿತ್ತು, ಹೂವಿನ ಎಸಳಿನಂಥ ಕೆತ್ತನೆ ಮೇಣದಂತೆ ಒಂದರೊಳಗೊಂದು ಕರಗಿತ್ತು, ಅಚ್ಚಿನ ಪಕ್ಕದಲ್ಲಿ ಇಲ್ಲದ ಒಂದು ಉಬ್ಬು ಹುಟ್ಟಿಕೊಂಡಿತ್ತು. 50 ರೂಪಾಯಿಯ ನೀಲಿ ನೋಟಿನ ಹಿಂಬದಿಯಲ್ಲಿ ಇದೇ ರಥದ ಚಿತ್ರವಿದೆ. ಅಷ್ಟು ಪರಿಚಿತವಾದ ಶಿಲ್ಪಕ್ಕೆ ನನ್ನ ಫೋನು ಬೇರೆಯೇ ಒಂದು ಚಕ್ರವನ್ನು ಕೆತ್ತಿಟ್ಟದ್ದು ನನಗೆ ನಿಜಕ್ಕೂ ಬೇಸರ ತಂದಿತು. ಹಿಂದಕ್ಕೆ ತೆಗೆದು, ಕಾಲು, ಸೊಂಟ, ತಲೆ ಎಂದು ಮೂರು ತುಂಡಾಗಿ ಅಳಿಸಿ ನೋಡಿದೆ. ನೆಲದ ಮೇಲಿನ ಭಾಗ ಚೆನ್ನಾಗಿ ಬಂದಿತು. ಚಕ್ರದ ಮೇಲಿನದು ಎಷ್ಟು ಸಲ ಮಾಡಿದರೂ ಒಂದೊಂದು ಸಲ ಒಂದೊಂದು ರೂಪ ತಾಳಿತು.

ಹೀಗೆ ಪ್ರತಿ ಪ್ರಯತ್ನಕ್ಕೂ ಬೇರೆಬೇರೆ ಫಲ ಬರುವುದೇ ದೊಡ್ಡ ಸುಳಿವು. ಹಿನ್ನೆಲೆಯ ಉತ್ತರ ಚಿತ್ರದಲ್ಲಿ ಇದ್ದರೆ ಮೂರು ಸಲದ ತೇಪೆಗಳೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಮೂರೂ ಮೂರು ಬಗೆಯಾದರೆ ತಂತ್ರಾಂಶ ಊಹಿಸುತ್ತಿದೆ ಎಂದು ತಿಳಿದು ಅಲ್ಲಿಗೇ ಕೈಬಿಡುವುದು ಮೇಲು. ಕಬ್ಬಿಣದ ಜಾಲರಿ, ಮೆಟ್ಟಿಲು, ಎಳೆ ಬಿಡಿಸಿದ ರಂಗೋಲಿ, ಬೋರ್ಡಿನ ಮೇಲಿನ ಕನ್ನಡ ಅಕ್ಷರಗಳು, ಗುಂಪಿನಲ್ಲಿ ಹಿಂದಿನ ಸಾಲಿನವರ ಮುಖ ಇವೆಲ್ಲ ಇದೇ ಜಾತಿಗೆ ಸೇರಿದವು. ಅಕ್ಷರಗಳಂತೂ ಅಕ್ಷರದ ಹಾಗೆ ಕಾಣುವ, ಆದರೆ ಓದಲಾಗದ ಗೆರೆಗಳಾಗಿಬಿಡುತ್ತವೆ.

ತೇಪೆ ಕೂತಿದೆಯೇ ಎಂದು ಪರೀಕ್ಷಿಸಲು ನಾನು ಮೂರು ಕಡೆ ನೋಡುತ್ತೇನೆ. ಗೋಡೆಯ ಅಂಚು, ನೆಲದ ಕಲ್ಲಿನ ಸಂದು ಮುಂತಾದ ಉದ್ದನೆಯ ಗೆರೆಗಳು ತೇಪೆಯ ಈ ಬದಿಯಿಂದ ಒಳಹೋಗಿ ಆ ಬದಿಯಿಂದ ಅದೇ ನೇರದಲ್ಲಿ ಹೊರಬರುತ್ತವೆಯೇ ಎಂಬುದು ಮೊದಲನೆಯದು. ಒಂದೇ ಕಲೆ, ಒಂದೇ ಕಲ್ಲು, ಒಂದೇ ಎಲೆಗೊಂಚಲು ಎರಡು ಕಡೆ ತದ್ರೂಪವಾಗಿ ಕಾಣುತ್ತಿದೆಯೇ ಎಂಬುದು ಎರಡನೆಯದು. ಮೂರನೆಯದು ಫೋಟೊದ ತರಿ. ಸಂಜೆ ಅಥವಾ ಕತ್ತಲಲ್ಲಿ ತೆಗೆದ ಚಿತ್ರವನ್ನು ಹಿಗ್ಗಿಸಿದರೆ ಎಲ್ಲೆಡೆ ಸಣ್ಣ ಮರಳಿನಂಥ ತರಿ ಕಾಣುತ್ತದೆ, ತೇಪೆಯಲ್ಲಿ ಮಾತ್ರ ಅದು ಇಲ್ಲದೆ ನುಣುಪಾಗಿರುತ್ತದೆ. ಫೋನಿನಲ್ಲಿ ಗೊತ್ತಾಗದ ಈ ವ್ಯತ್ಯಾಸ ಸ್ಟುಡಿಯೊದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ಗೋಡೆಗೆ ಬಳಿದ ಸುಣ್ಣದ ಹಾಗೆ ಎದ್ದು ಕಾಣುತ್ತದೆ.

ವ್ಯಕ್ತಿಯನ್ನು ಸರಿಸುವುದು ಹೇಗೆ, ಸರಿಸಿದ ಮೇಲೆ ಅಂಟಿಸಿದಂತೆ ಏಕೆ ಕಾಣುತ್ತದೆ?

ಚಕ್ರದ ತೂತನ್ನು ತುಂಬಲಾಗದಿದ್ದಾಗ ನನಗೆ ತೋಚಿದ್ದು ಇಷ್ಟು: ಹಳದಿ ಅಂಗಿಯವರನ್ನು ಅಳಿಸುವ ಬದಲು ಅವರ ಮುಂದೆ ಅತ್ತೆಯವರನ್ನೇ ನಿಲ್ಲಿಸಿದರೆ ಹೇಗೆ? ಅತ್ತೆಯವರ ಹಿಂದೆ ಇದ್ದದ್ದು ಬರಿಯ ನೆಲ ಮತ್ತು ದೂರದ ಗೋಡೆ. ಅವರನ್ನು ಎಡಕ್ಕೆ ಸರಿಸಿದರೆ ತೂತು ಬೀಳುವುದು ಸುಲಭವಾಗಿ ತುಂಬುವ ಜಾಗದಲ್ಲಿ, ಮುಚ್ಚಿಹೋಗುವುದು ಕಷ್ಟದ ಜಾಗ. ಸರಿಸುವ ಸೌಲಭ್ಯದ ಅತ್ಯುತ್ತಮ ಉಪಯೋಗ ಇದೇ ಎಂಬುದು ನನ್ನ ಅಭಿಪ್ರಾಯ.

ಗೂಗಲ್ ಫೋಟೋಸ್‌ನಲ್ಲಿ Magic Editor ತೆರೆದು ವ್ಯಕ್ತಿಯ ಮೇಲೆ ತಟ್ಟಿ ಅಥವಾ ಸುತ್ತ ಗೆರೆ ಎಳೆಯಿರಿ, ಆಯ್ಕೆಯಾದ ಮೇಲೆ ಒತ್ತಿ ಹಿಡಿದು ಬೇಕಾದಲ್ಲಿಗೆ ಎಳೆಯಿರಿ. ಸ್ಯಾಮ್‌ಸಂಗ್‌ನಲ್ಲಿ ಎಡಿಟ್ ಪರದೆಯ Generative edit ಒಳಗೆ ಸುತ್ತ ಗೆರೆ ಎಳೆದು, ಒತ್ತಿ ಹಿಡಿದು ಎಳೆದು, Generate ಒತ್ತಬೇಕು. ಎಳೆಯುವ ಮೊದಲು ಆಯ್ಕೆಯ ಅಂಚನ್ನು ಹಿಗ್ಗಿಸಿ ನೋಡಲೇಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿನ ಕುಚ್ಚುಗಳ ನಡುವೆ ಹಿಂದಿನ ಗೋಡೆಯ ತುಣುಕುಗಳೂ ಸಿಕ್ಕಿಕೊಂಡು ಜೊತೆಗೇ ಬಂದಿದ್ದವು. ಸೆರಗಿನ ಮೇಲೆ ಬಾಚಣಿಗೆಯ ಹಲ್ಲಿನಂತೆ ಚಾಚಿರುವ ಬಿಳಿ ತೋಪು ತೆನಿಯಲ್ಲಿ ಎರಡು ಹಲ್ಲುಗಳು ಆಯ್ಕೆಯಿಂದ ತಪ್ಪಿ ಹಳೆಯ ಜಾಗದಲ್ಲೇ ಉಳಿದಿದ್ದವು. ಕೂದಲು, ಹೂವಿನ ದಂಡೆ, ಕುಚ್ಚು, ತೆಳು ದುಪಟ್ಟಾ, ಕನ್ನಡಕದ ಗಾಜು ಇರುವ ಕಡೆಗಳಲ್ಲಿ ಆಯ್ಕೆ ತಪ್ಪುವುದು ಸಾಮಾನ್ಯ. ಬಿಟ್ಟುಹೋದದ್ದನ್ನು ಸೇರಿಸಿ ಮತ್ತೆ ಬಳಿದ ಮೇಲೆಯೇ ಎಳೆಯಿರಿ.

ಅಂಟಿಸಿದಂತೆ ಕಾಣುವುದಕ್ಕೆ ಕಾರಣ ಎರಡು. ಒಂದು ನೆರಳು. ಪಾದ ಅಥವಾ ಸೀರೆಯ ಅಂಚು ನೆಲಕ್ಕೆ ತಾಗುವ ಜಾಗದಲ್ಲಿ ಕಪ್ಪನೆಯ ಒಂದು ತೆಳು ಗೆರೆ ಇರುತ್ತದೆ, ವ್ಯಕ್ತಿ ನೆಲದ ಮೇಲೆ ನಿಂತಿದ್ದಾರೆ ಎಂದು ಕಣ್ಣು ನಂಬುವುದು ಅದರಿಂದಲೇ. ಅದನ್ನೂ ನೆಲದ ಮೇಲೆ ಚಾಚಿದ ನೆರಳನ್ನೂ ಆಯ್ಕೆಯಲ್ಲಿ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ವ್ಯಕ್ತಿ ಗಾಳಿಯಲ್ಲಿ ತೇಲುತ್ತಾರೆ. ಬಿಸಿಲಿನಲ್ಲಿದ್ದವರನ್ನು ಮರದ ನೆರಳಿಗೆ ಸರಿಸಿದರೂ ಹೀಗೇ ಆಗುತ್ತದೆ, ಮುಖದ ಮೇಲಿನ ಬಿಸಿಲು ಅವರ ಜೊತೆಗೇ ಬಂದುಬಿಡುತ್ತದೆ.

ಎರಡನೆಯದು ಅಳತೆ. ಇದಕ್ಕೆ ಒಂದು ಲೆಕ್ಕವಿದೆ, ತಿಳಿದವರು ಕಡಿಮೆ. ಸಮತಟ್ಟಾದ ನೆಲದ ಮೇಲೆ ಒಬ್ಬರು ಚಿತ್ರದಲ್ಲಿ ಎಷ್ಟು ಎತ್ತರ ಕಾಣುತ್ತಾರೆ ಎಂಬುದು, ದಿಗಂತದ ಗೆರೆಯಿಂದ ಅವರ ಪಾದ ಎಷ್ಟು ಕೆಳಗಿದೆ ಎಂಬುದಕ್ಕೆ ಸರಿಯಾಗಿ ಅನುಪಾತದಲ್ಲಿರುತ್ತದೆ. ಪಾದ ದಿಗಂತದಿಂದ ಪರದೆಯ ಮೇಲೆ 2 ಸೆಂಟಿಮೀಟರ್ ಕೆಳಗಿದ್ದವರನ್ನು, ಪಾದ ದಿಗಂತದಿಂದ 3 ಸೆಂಟಿಮೀಟರ್ ಕೆಳಗೆ ಬರುವಂತೆ ಸರಿಸಿದರೆ ಅವರು ನಮಗೆ ಹತ್ತಿರ ಬಂದಂತೆ, ಹಾಗಾಗಿ ಅವರನ್ನು ಒಂದೂವರೆ ಪಟ್ಟು ಹಿಗ್ಗಿಸಬೇಕು. ಹಿಗ್ಗಿಸದಿದ್ದರೆ ಅವರು ಉಳಿದವರ ನಡುವೆ ಕುಬ್ಜರಂತೆ ಕಾಣುತ್ತಾರೆ. ಆದರೆ ಅಷ್ಟು ಹಿಗ್ಗಿಸಿದರೆ ಮುಖದ ಸ್ಪಷ್ಟತೆ ಹೋಗುತ್ತದೆ. ಆದ್ದರಿಂದ ನನ್ನ ಸಲಹೆ, ಪಾದದ ಮಟ್ಟ ಬದಲಾಗದಂತೆ ಎಡಕ್ಕೋ ಬಲಕ್ಕೋ ಮಾತ್ರ ಸರಿಸಿ. ಅತ್ತೆಯವರನ್ನು ನಾನು ಹಾಗೆ ನೇರ ಎಡಕ್ಕೆ, ನೆರಳಿನ ಸಮೇತ, ಅಳತೆ ಬದಲಿಸದೆ ಸರಿಸಿದೆ. ಹಳದಿ ಅಂಗಿ ಪೂರ್ತಿ ಮುಚ್ಚಿತು. ಅವರು ಮೊದಲು ನಿಂತಿದ್ದ ಜಾಗದಲ್ಲಿ ನೆಲಹಾಸಿನ ಒಂದು ಸಂದು ಒಂದಿಷ್ಟು ಡೊಂಕಾಯಿತು, ಅದನ್ನಷ್ಟೇ ಸಣ್ಣ ಕುಂಚದಿಂದ ಮತ್ತೊಮ್ಮೆ ಅಳಿಸಿದಾಗ ಸರಿಹೋಯಿತು.

ಕೆಲವು ಫೋಟೊಗಳನ್ನು ತಂತ್ರಾಂಶವೇ ಏಕೆ ನಿರಾಕರಿಸುತ್ತದೆ?

ಇಂಟರ್ನೆಟ್ ಇಲ್ಲದಿರುವುದು ಮೊದಲ ಕಾರಣ, ಏಕೆಂದರೆ ಸರಿಸುವ ಕೆಲಸ ಬಹುಮಟ್ಟಿಗೆ ಸರ್ವರ್‌ನಲ್ಲಿ ನಡೆಯುತ್ತದೆ. ಹಾಗೆಂದರೆ ನಿಮ್ಮ ಫೋಟೊ ಫೋನಿನಿಂದ ಹೊರಗೆ ಹೋಗುತ್ತದೆ ಎಂದೂ ಅರ್ಥ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಮುಂತಾದವು ಚೌಕಟ್ಟಿನಲ್ಲಿದ್ದರೆ ಮೊದಲು ಅವನ್ನು ಕ್ರಾಪ್ ಮಾಡಿ. ಮುಖದ ವಿಷಯದಲ್ಲೂ ತಡೆಗಳಿವೆ: ಐಫೋನಿನ Clean Up ನಲ್ಲಿ ಒಬ್ಬರ ಮುಖದ ಮೇಲೆ ಮಾತ್ರ ಬಳಿದರೆ ಅದು ಮುಖವನ್ನು ಅಳಿಸುವ ಬದಲು ಚೌಕಚೌಕವಾಗಿ ಮಸುಕುಗೊಳಿಸಬಹುದು. ಅದು ದೋಷವಲ್ಲ, ಗುರುತು ಮರೆಮಾಡಲು ಇಟ್ಟಿರುವ ವ್ಯವಸ್ಥೆ. ಮಕ್ಕಳ ಶಾಲೆಯ ಗುಂಪು ಫೋಟೊ ಹಂಚುವಾಗ ಅದು ಬಹಳ ಉಪಯೋಗಕ್ಕೂ ಬರುತ್ತದೆ.

ಉಳಿಸಿದ ಮೇಲೆ ಮೂಲ ಫೋಟೊ ಹೋಗಿಬಿಡುತ್ತದೆಯೇ?

ಗೂಗಲ್ ಫೋಟೋಸ್‌ನಲ್ಲಿ Save copy ಒತ್ತಿದರೆ ಮೂಲ ಹಾಗೆಯೇ ಇರುತ್ತದೆ. ಸ್ಯಾಮ್‌ಸಂಗ್ ಮತ್ತು ಐಫೋನಿನಲ್ಲಿ Revert ಮೂಲಕ ಹಿಂದಕ್ಕೆ ಬರಬಹುದು. ಆದರೂ ಪ್ರತಿಯನ್ನೇ ತಿದ್ದುವುದು ಕ್ಷೇಮ. ಗಮನಿಸಬೇಕಾದ ಇನ್ನೊಂದು ಅಂಶ ಅಳತೆಯದು: ಸ್ಯಾಮ್‌ಸಂಗ್‌ನ Generative edit ಫಲಿತಾಂಶವನ್ನು ಗರಿಷ್ಠ 12 ಮೆಗಾಪಿಕ್ಸೆಲ್‌ಗೆ ಇಳಿಸಬಹುದು, ಜೊತೆಗೆ ಕಾಣುವಂಥ ಒಂದು ವಾಟರ್‌ಮಾರ್ಕ್ ಹಾಕುತ್ತದೆ. 50 ಮೆಗಾಪಿಕ್ಸೆಲ್‌ನಲ್ಲಿ ತೆಗೆದ ಫೋಟೊವನ್ನು ದೊಡ್ಡ ಪ್ರಿಂಟಿಗೆ ಕೊಡಬೇಕಿದ್ದರೆ ಅದಕ್ಕಿಂತ Object eraser ಅಥವಾ ಬರಿಯ ಕ್ರಾಪ್ ಮೇಲು.

ತಿದ್ದಿದ್ದೆಂಬ ಗುರುತು ಫೈಲಿನ ವಿವರಗಳಲ್ಲಿ ದಾಖಲಾಗುತ್ತದೆ. ಗೂಗಲ್ ಫೋಟೋಸ್ 2024ರ ಕೊನೆಯಿಂದ ಅದನ್ನು ವಿವರಗಳ ಪುಟದಲ್ಲಿಯೇ ತೋರಿಸುತ್ತದೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಕೂಡಲೇ ಆ ದಾಖಲೆ ಉದುರಿಹೋಗುತ್ತದೆ. ಆದ್ದರಿಂದ ಪಾಸ್‌ಪೋರ್ಟ್ ಅರ್ಜಿ, ವಿಮೆಯ ಕ್ಲೇಮು, ಪೊಲೀಸ್ ದೂರು, ಜಮೀನಿನ ಗಡಿಯ ವ್ಯಾಜ್ಯ ಇಂಥವಕ್ಕೆ ತಿದ್ದಿದ ಪ್ರತಿ ತಪ್ಪಿಯೂ ಹೋಗದಂತೆ ಮೂಲವನ್ನೂ ಪ್ರತಿಯನ್ನೂ ಬೇರೆ ಬೇರೆ ಆಲ್ಬಮ್‌ನಲ್ಲಿಡಿ. ಅತ್ತೆಯವರ ಫೋಟೊ ಫ್ರೇಮಾಗಿ ಹಾಲಿನ ಗೋಡೆ ಏರಿದೆ. ಅದರ ಹಿಂಬದಿಯಲ್ಲಿ ದಿನಾಂಕದ ಕೆಳಗೆ «ನಿಂತ ಜಾಗ ಸ್ವಲ್ಪ ಎಡಕ್ಕೆ ಸರಿಸಲಾಗಿದೆ, ರಥದ ಚಕ್ರ ಮುಟ್ಟಿಲ್ಲ» ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.